ಕಮೋಡ್ ಮುಂದೆ ಕಾಲುಮಣೆ: ಅತ್ತೆಗೆ ಎಷ್ಟು ಎತ್ತರದ್ದು ಮಾಡಿಸಲಿ?

ಮೇಗರವಳ್ಳಿ ಸೊಸೆ
ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಅತ್ತೆಗೆ 68 ವರ್ಷ. ಮಂಡಿ ಸವೆದು ಕುಕ್ಕರುಗಾಲಿನಲ್ಲಿ ಕೂರುವುದು ಕಷ್ಟವಾಯಿತೆಂದು ಯುಗಾದಿಗೆ ಮುಂಚೆ ಮನೆಯೊಳಗೇ ಗೋಡೆಗೆ ಕೂರಿಸುವ ಕಮೋಡ್ ಹಾಕಿಸಿದೆವು. ಏಳುವಾಗ ಮಂಡಿಗೆ ಶ್ರಮ ಬೀಳಬಾರದೆಂದು ಸ್ವಲ್ಪ ಎತ್ತರದಲ್ಲೇ ಕೂರಿಸಿ ಎಂದು ಪ್ಲಂಬರ್‌ಗೆ ನಾವೇ ಹೇಳಿದ್ದೆವು. ಮಂಡಿಗೆ ಸುಖವಾಯಿತು, ಹೊಟ್ಟೆಗೆ ಆಗಲಿಲ್ಲ. ಜೀವಮಾನವಿಡೀ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಹಿತ್ತಲಿಗೆ ಹೋಗಿ ಐದು ನಿಮಿಷದಲ್ಲಿ ಬರುತ್ತಿದ್ದವರು ಈಗ ಒಳಗೆ ಹೋದರೆ ಹೊರಗೆ ಬರುವುದೇ ಇಲ್ಲ. ತಿಣುಕಿ ತಿಣುಕಿ ಬೆವರಿ ಬರುತ್ತಾರೆ, ಆದರೂ ಪೂರ್ತಿ ಹೋದಂತೆ ಅನಿಸುವುದಿಲ್ಲ ಎನ್ನುತ್ತಾರೆ. ಊಟ ಬದಲಾಗಿಲ್ಲ. ಸೊಪ್ಪು, ಬಾಳೆದಿಂಡು, ತಂಬುಳಿ ಎಲ್ಲವೂ ಇದೆ.

ಕಾಲಿನ ಕೆಳಗೆ ಸಣ್ಣ ಮಣೆ ಇಟ್ಟರೆ ಸುಲಭವಾಗುತ್ತದೆ ಎಂದು ನೆಂಟರೊಬ್ಬರು ಹೇಳಿದರು. ಅಂಗಡಿಯಲ್ಲಿ ಸಿಗುವುದು 7 ಇಂಚು, 9 ಇಂಚು ಎಂದು ಬರುತ್ತದೆ. ಅತ್ತೆ ಗಿಡ್ಡ. ಯಾವುದು ಸರಿ? ಮಂಡಿ ನೋವಿನವರು ಹೀಗೆ ಕಾಲು ಎತ್ತಿಟ್ಟುಕೊಳ್ಳಬಹುದೇ?

ಜೋಗದ ದಾರಿ
9 ಇಂಚಿನದೇ ತೆಗೆದುಕೊಳ್ಳಿ. ಎತ್ತರ ಹೆಚ್ಚಾದಷ್ಟೂ ಕುಕ್ಕರುಗಾಲಿಗೆ ಹತ್ತಿರ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ಬಳಸುತ್ತೇವೆ.

ತುಂಗಾ ತೀರ
ಕಮೋಡ್ ಬಂದ ಮೇಲೆಯೇ ನಮ್ಮ ಜನಕ್ಕೆ ಮೂಲವ್ಯಾಧಿ ಬಂದದ್ದು. ಕುಕ್ಕರುಗಾಲಿನಲ್ಲಿ ಕೂರುವವರಿಗೆ ಮಲಬದ್ಧತೆಯೇ ಇರುವುದಿಲ್ಲ, ಕರುಳಿನ ಕ್ಯಾನ್ಸರ್ ಕೂಡ ಬರುವುದಿಲ್ಲ. ಕಾಲುಮಣೆಯೆಲ್ಲ ಅರ್ಧ ಪರಿಹಾರ. ಹಳೆಯ ಪಾಯಿಖಾನೆಗೆ ಎರಡು ಕಡೆ ಕಂಬಿ ಹಾಕಿಸಿ ಅತ್ತೆಯನ್ನು ಅಲ್ಲಿಗೇ ಕಳುಹಿಸಿ.

ಶಿವಮೊಗ್ಗ ಫಿಸಿಯೋ
ತುಂಗಾ ತೀರ ಅವರೇ, ನಿಮ್ಮ ಮಾತಿನಲ್ಲಿ ಒಂದು ಪಾಲು ನಿಜ, ಉಳಿದದ್ದಕ್ಕೆ ಆಧಾರವಿಲ್ಲ. ಕ್ಯಾನ್ಸರ್ ತಡೆಯುತ್ತದೆ ಎಂಬುದನ್ನು ಯಾರೂ ಸಾಧಿಸಿ ತೋರಿಸಿಲ್ಲ. ಇಡೀ ಜೀವನ ನೆಲದ ಪಾಯಿಖಾನೆ ಬಳಸಿದ ಎಷ್ಟೋ ಜನ ಮೂಲವ್ಯಾಧಿಯಿಂದ ನರಳುವುದನ್ನು ನಾನು ದಿನವೂ ನೋಡುತ್ತೇನೆ. ನಿಜವಾದ ಪಾಲು ಭಂಗಿಯದು. ಗುದನಾಳದ ಹಿಂಬದಿಯಿಂದ ಬಳಸಿ ಬರುವ ಒಂದು ಸ್ನಾಯು ಅದನ್ನು ಕುಣಿಕೆ ಹಾಕಿದಂತೆ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ನಿಂತಾಗ, ನೆಟ್ಟಗೆ ಕೂತಾಗ ದಾರಿ ಅಲ್ಲಿ ಮಡಿಚಿಕೊಂಡಿರುತ್ತದೆ. ನಾವು ತಡೆದುಕೊಳ್ಳಲು ಆ ಮಡಿಕೆಯೂ ನೆರವಾಗುತ್ತದೆ. ತೊಡೆ ಹೊಟ್ಟೆಯ ಕಡೆಗೆ ಬಂದಾಗ ಆ ಮಡಿಕೆ ಬಿಚ್ಚಿಕೊಂಡು ದಾರಿ ನೇರವಾಗುತ್ತದೆ, ಕಡಿಮೆ ಒತ್ತಡ ಸಾಕಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಸೊಂಟದ ಬಳಿ ತೊಡೆ ಎಷ್ಟು ಮಡಿಚುತ್ತದೆ ಎಂಬುದು. ಮಂಡಿ ಎಷ್ಟು ಮಡಿಚುತ್ತದೆ ಎಂಬುದು ಅಷ್ಟು ಮುಖ್ಯವಲ್ಲ. ಆದ್ದರಿಂದಲೇ ಮಂಡಿ ಸವೆದವರಿಗೂ ಕಾಲುಮಣೆ ಕೆಲಸ ಮಾಡುತ್ತದೆ. ಮಣೆಯನ್ನು ಸ್ವಲ್ಪ ಮುಂದಕ್ಕೆ ಇಟ್ಟರೆ ಪಾದ ಮುಂದೆ ಹೋಗುತ್ತದೆ, ಮಂಡಿ ಹೆಚ್ಚು ಮಡಿಚುವುದಿಲ್ಲ, ತೊಡೆ ಮಾತ್ರ ಏರುತ್ತದೆ. ನೋವಿನ ಮಂಡಿಯವರನ್ನು ಮತ್ತೆ ನೆಲದ ಪಾಯಿಖಾನೆಗೆ ಕಳುಹಿಸುವ ಅಗತ್ಯವಿಲ್ಲ.

ಸೊಸೆಯವರೇ, 7 ಇಂಚೋ 9 ಇಂಚೋ ಎಂದು ಹೇಳುವುದಕ್ಕೆ ಮುಂಚೆ ಎರಡು ಅಳತೆ ಬೇಕು. ನೆಲದಿಂದ ಕಮೋಡ್ ಸೀಟಿನ ಮೇಲ್ಭಾಗದವರೆಗೆ ಎಷ್ಟು? ಅತ್ತೆ ಬರಿಗಾಲಿನಲ್ಲಿ ಕುರ್ಚಿಯ ಮೇಲೆ ಕೂತಾಗ ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಎಷ್ಟು?

ಹೊಸನಗರ ಹುಡುಗ
ಇದಕ್ಕೆಲ್ಲ ಮಣೆ ಏಕೆ? ಸೀಟು ಎತ್ತಿ ಅಂಚಿನ ಮೇಲೆಯೇ ಕಾಲಿಟ್ಟು ಕೂತರಾಯಿತು. ಹಾಸ್ಟೆಲಿನಲ್ಲಿ ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು.

ಉಳಿ ಮತ್ತು ಕೊಡತಿ
ತಮ್ಮಾ, ಆ ಮಾತನ್ನು ಇಲ್ಲಿಗೇ ಬಿಡು. 68 ವರ್ಷದವರ ವಿಚಾರ ನಡೆಯುತ್ತಿದೆ. ಕೆಲಸಕ್ಕೆ ಹೋದ ಮನೆಯೊಂದರಲ್ಲಿ ಹೀಗೆ ಹತ್ತಿ ಕೂತು ಪಿಂಗಾಣಿ ಒಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಡೆದ ಪಿಂಗಾಣಿಯ ಅಂಚು ಕತ್ತಿಯಷ್ಟೇ ಹರಿತ, ತೊಡೆ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಗೋಡೆಗೆ ಕೂರಿಸಿದ ಕಮೋಡಿನ ಅಂಚಿನ ಮೇಲಂತೂ ಹತ್ತಲೇಬಾರದು.

ಮೇಗರವಳ್ಳಿ ಸೊಸೆ
ಅಳೆದೆವು. ಸೀಟಿನವರೆಗೆ 17.5 ಇಂಚು. ಅತ್ತೆಯ ಕಾಲು 14.5 ಇಂಚು. ಅಳೆಯುವಾಗಲೇ ಗೊತ್ತಾಯಿತು, ಅವರು ಹಿಂದಕ್ಕೆ ಸರಿದು ಕೂತರೆ ಹಿಮ್ಮಡಿ ನೆಲಕ್ಕೆ ಮುಟ್ಟುವುದೇ ಇಲ್ಲ. ಇಷ್ಟು ದಿನವೂ ಸೀಟಿನ ತುದಿಗೆ ಬಂದು, ಬೆರಳ ತುದಿಯನ್ನು ನೆಲಕ್ಕೆ ಊರಿ, ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡು ಕೂರುತ್ತಿದ್ದರಂತೆ.

ಶಿವಮೊಗ್ಗ ಫಿಸಿಯೋ
ಹಾಗಾದರೆ ಅರ್ಧ ಉತ್ತರ ನಿಮ್ಮ ಅಳತೆಯಲ್ಲೇ ಇದೆ. ಕಾಲು ತೇಲುತ್ತಿದ್ದರೆ ದೇಹ ಜಾರುತ್ತದೆ ಎಂಬ ಭಯದಲ್ಲೇ ಇರುತ್ತದೆ. ತೊಡೆ, ಪೃಷ್ಠ, ಕೆಳಹೊಟ್ಟೆ ಎಲ್ಲವೂ ಬಿಗಿದಿರುತ್ತವೆ. ಸಡಿಲವಾಗಬೇಕಾದ ಸ್ನಾಯು ಆ ಬಿಗಿಯಲ್ಲಿ ಸಡಿಲವಾಗುವುದು ಹೇಗೆ?

ಲೆಕ್ಕ ಹೀಗೆ. ಸೀಟಿಗೂ ಕಾಲಿಗೂ 3 ಇಂಚು ವ್ಯತ್ಯಾಸ. 3 ಇಂಚಿನ ಮಣೆ ಇಟ್ಟರೆ ಪಾದ ಊರುತ್ತದೆ, ತೊಡೆ ನೆಲಕ್ಕೆ ಸಮವಾಗುತ್ತದೆ, ಅಷ್ಟೇ. ಅದರ ಮೇಲೆ ಮಂಡಿ ಸೊಂಟಕ್ಕಿಂತ 3 ಇಂಚಿನಷ್ಟಾದರೂ ಮೇಲೆ ಬರಬೇಕು. ಒಟ್ಟು 6 ಇಂಚು. ನಿಮ್ಮ ಅತ್ತೆಗೆ ನಾನು 6ರಿಂದ ಆರಂಭಿಸುತ್ತೇನೆ. 9 ಇಟ್ಟರೆ ಮಂಡಿ 6 ಇಂಚು ಮೇಲೇರುತ್ತದೆ. ಸವೆದ ಮಂಡಿಗೂ ಬೊಜ್ಜು ಹೊಟ್ಟೆಗೂ ಅದು ಹೆಚ್ಚು, ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ.

ಎತ್ತರ ಹೆಚ್ಚಾಗಿದೆಯೇ ಎಂದು ತಿಳಿಯಲು ಅವರನ್ನೇ ನೋಡಿ. ಹಿಮ್ಮಡಿ ಮಣೆಯಿಂದ ಎದ್ದಿದ್ದರೆ, ತೊಡೆ ಜೋಮು ಹಿಡಿದರೆ, ಕೈ ಏನನ್ನಾದರೂ ಹಿಡಿಯಲು ತಡಕಾಡಿದರೆ ಎತ್ತರ ಹೆಚ್ಚು. ಸರಿಯಾಗಿದ್ದರೆ ಎರಡೂ ಪಾದ ಪೂರ್ತಿ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ಮೊಣಕೈಯನ್ನು ತೊಡೆಯ ಮೇಲಿಟ್ಟು ನೆಮ್ಮದಿಯಾಗಿ ಉಸಿರಾಡಲು ಆಗುತ್ತದೆ.

ಮಾಡಿಸುವ ಮುಂಚೆ ಪರೀಕ್ಷೆ ಮಾಡಿ. ಮನೆಯಲ್ಲಿರುವ ಎರಡು ಮೂರು ಮಣೆ ಒಂದರ ಮೇಲೊಂದು ಇಟ್ಟು, ಒಣ ನೆಲದ ಮೇಲೆ, ಬಟ್ಟೆ ಉಟ್ಟೇ ಕೂರಿಸಿ ನೋಡಿ. ಮಣೆಯನ್ನು ಒಬ್ಬರು ಹಿಡಿದುಕೊಂಡಿರಲಿ.

ರಿಪ್ಪನ್‌ಪೇಟೆ ದೊಡ್ಡಮ್ಮ
ಊಟಕ್ಕೆ ಕೂರುವ ಮಣೆಯನ್ನು ಕಕ್ಕಸಿಗೆ ಒಯ್ಯುವುದೇ? ನನ್ನ ಮನೆಯಲ್ಲಂತೂ ಸಾಧ್ಯವಿಲ್ಲ. ಆ ಅತ್ತೆಯೂ ಒಪ್ಪಲಾರರು. ಅವರ ವಯಸ್ಸಿನವರಿಗೆ ಮನಸ್ಸಿಗೆ ಕಿರಿಕಿರಿಯಾದರೆ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ.

ಶಿವಮೊಗ್ಗ ಫಿಸಿಯೋ
ದೊಡ್ಡಮ್ಮ, ನಿಮ್ಮ ಮಾತು ಒಪ್ಪುತ್ತೇನೆ. ಹಾಗಿದ್ದರೆ ಎರಡು ಮರದ ಹಲಗೆ ತುಂಡುಗಳನ್ನು ಜೋಡಿಸಿ. ಕವುಚಿದ ಬಕೆಟ್ ಮಾತ್ರ ಬೇಡ, ಜಾರುತ್ತದೆ.

ಭದ್ರಾವತಿ ನಿವೃತ್ತ
ಎಲ್ಲರೂ ಇಷ್ಟು ಖಚಿತವಾಗಿ ಮಾತನಾಡುತ್ತಿದ್ದೀರಿ. ಇದಕ್ಕೆ ಪುರಾವೆ ಇದೆಯೇ, ಅಥವಾ ಮಣೆ ಮಾರುವವರ ಜಾಹೀರಾತು ಮಾತ್ರವೇ?

ಶಿವಮೊಗ್ಗ ಫಿಸಿಯೋ
ಇದೆ, ಆದರೆ ಸಣ್ಣದು. 2003ರಲ್ಲಿ ಇಸ್ರೇಲಿನ ಒಂದು ಅಧ್ಯಯನದಲ್ಲಿ 28 ಮಂದಿ ಆರೋಗ್ಯವಂತರು ಸಾಮಾನ್ಯ ಎತ್ತರದ ಕಮೋಡ್, ತಗ್ಗಿನ ಕಮೋಡ್, ಕುಕ್ಕರುಗಾಲು ಮೂರನ್ನೂ ಬಳಸಿ ನೋಡಿದರು. ಕುಕ್ಕರುಗಾಲಿನಲ್ಲಿ ಸಮಯವೂ ಶ್ರಮವೂ ಎಲ್ಲಕ್ಕಿಂತ ಕಡಿಮೆ. 2019ರಲ್ಲಿ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ 52 ಮಂದಿ ನಾಲ್ಕು ವಾರ ದಾಖಲೆ ಇಟ್ಟರು. ಅದರಲ್ಲಿ ಪರೀಕ್ಷಿಸಿದ್ದು ಕಾಲುಮಣೆಯನ್ನೇ. ತಿಣುಕುವುದು ಕಡಿಮೆಯಾಯಿತು, ಪೂರ್ತಿ ಹೋದ ಭಾವನೆ ಹೆಚ್ಚಾಯಿತು ಎಂದು ಬಹುಪಾಲು ಜನ ಹೇಳಿದರು.

ಭದ್ರಾವತಿ ನಿವೃತ್ತ
ಆ 52 ಮಂದಿಯೂ ಆರೋಗ್ಯವಂತರೇ? ವಯಸ್ಸಾದವರಲ್ಲವೇ? ಮಣೆ ಬಳಸುತ್ತಿದ್ದೇವೆ ಎಂದು ಅವರಿಗೆ ಗೊತ್ತೇ ಇತ್ತು. ಸುಲಭವಾಗುತ್ತದೆ ಎಂದು ನಂಬಿ ಕೂತವನಿಗೆ ಸುಲಭವೆಂದೇ ಅನಿಸಬಹುದು.

ಶಿವಮೊಗ್ಗ ಫಿಸಿಯೋ
ನಿಮ್ಮ ಆಕ್ಷೇಪ ಸರಿಯೇ. ಹೆಚ್ಚಿನವರು ಆರೋಗ್ಯವಂತ ಯುವಕ ಯುವತಿಯರು, ಮಣೆ ಇದೆಯೋ ಇಲ್ಲವೋ ಎಂಬುದನ್ನು ಬಳಸುವವರಿಂದ ಮುಚ್ಚಿಡಲು ಬರುವುದೂ ಇಲ್ಲ. 68 ವರ್ಷದವರ ಹಳೆಯ ಮಲಬದ್ಧತೆಗೆ ಇದು ಔಷಧ ಎಂದು ನಾನು ಹೇಳುವುದಿಲ್ಲ. ತಾಳಮೇಳವೇ ತಪ್ಪಿರುವವರೂ ಇದ್ದಾರೆ. ತಳ್ಳುವಾಗ ಸಡಿಲವಾಗಬೇಕಾದ ಸ್ನಾಯುವನ್ನು ಗೊತ್ತಿಲ್ಲದೆಯೇ ಬಿಗಿಹಿಡಿಯುತ್ತಾರೆ. ಅವರಿಗೆ ಮಣೆ ಒಂದರಿಂದಲೇ ಆಗುವುದಿಲ್ಲ, ಹೇಳಿಕೊಡುವವರ ಬಳಿ ಕಲಿಯಬೇಕು.

ಸುಳಿವು ಬೇಕಿದ್ದರೆ ಸೊಂಟದ ಎರಡು ಪಕ್ಕಕ್ಕೆ ಕೈಯಿಟ್ಟುಕೊಂಡು ತಳ್ಳಿ ನೋಡಲಿ. ಪಕ್ಕೆ ಹೊರಕ್ಕೆ ಅಗಲವಾದರೆ ಸರಿ. ಹೊಟ್ಟೆ ಒಳಕ್ಕೆ ಎಳೆದುಕೊಂಡರೆ, ಉಸಿರು ಬಿಗಿಹಿಡಿದು ಮುಖ ಕೆಂಪಾದರೆ ಶಕ್ತಿ ಹೋಗಬೇಕಾದ ಕಡೆಗೆ ಹೋಗುತ್ತಿಲ್ಲ. ಬಾಯಿಂದ ನಿಧಾನವಾಗಿ ಉಸಿರು ಬಿಡುತ್ತಾ ಹೊಟ್ಟೆಯನ್ನು ಹೊರಕ್ಕೆ ದೂಡಬೇಕು.

ಕೊಪ್ಪದ ಕಾಫಿ
ನನ್ನ ತಾಯಿಗೆ ಇತ್ತೀಚೆಗೆ ಸೊಂಟದ ಕೀಲು ಬದಲಾಯಿಸಿದ್ದಾರೆ. ಅವರಿಗೂ ಮಲಬದ್ಧತೆ ಬಹಳ. ಈ ಚರ್ಚೆ ಓದಿ ಇಂದೇ ಒಂದು ಮಣೆ ತರೋಣ ಎಂದುಕೊಂಡೆ.

ಶಿವಮೊಗ್ಗ ಫಿಸಿಯೋ
ದಯವಿಟ್ಟು ಈಗ ಬೇಡ! ಸೊಂಟದ ಕೀಲು ಬದಲಾಯಿಸಿದ ಮೇಲೆ ಆರಂಭದ ವಾರಗಳಲ್ಲಿ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಚಬಾರದು ಎಂದು ಹಲವರಿಗೆ ಹೇಳಿರುತ್ತಾರೆ, ಕೀಲು ಜಾರಿ ಹೊರಬರಬಹುದು. ಅಂಥವರಿಗೆ ಸೀಟನ್ನೇ ಎತ್ತರಿಸಿ ಕೊಡುವುದು ಅದಕ್ಕೇ. ಕಾಲುಮಣೆ ಮಾಡುವುದು ಸರಿಯಾಗಿ ಅದರ ವಿರುದ್ಧದ ಕೆಲಸ. ಆಪರೇಷನ್ ಮಾಡಿದ ವೈದ್ಯರು ಒಪ್ಪುವವರೆಗೆ ಮಲ ಮೃದುವಾಗುವ ಔಷಧವನ್ನೇ ಅವರಿಂದ ಕೇಳಿ ಪಡೆಯಿರಿ. ನೋವಿನ ಮಾತ್ರೆಗಳಲ್ಲಿ ಕೆಲವು ಹೊಟ್ಟೆ ಕಟ್ಟುತ್ತವೆ, ಅದನ್ನೂ ಕೇಳಿ.

ಕೊಪ್ಪದ ಕಾಫಿ
ಹೇಳಿದ್ದು ಬಹಳ ಉಪಕಾರವಾಯಿತು. ನಾಳೆ ತೋರಿಸುವ ದಿನವಿದೆ, ಕೇಳುತ್ತೇನೆ.

ಉಳಿ ಮತ್ತು ಕೊಡತಿ
ಈಗ ಮಣೆಯ ವಿಚಾರಕ್ಕೆ ಬರೋಣ. ಇಂಥದ್ದನ್ನು ನಾನು ಮಾಡಿಕೊಟ್ಟಿದ್ದೇನೆ. ಮಲೆನಾಡಿನಲ್ಲಿ ಎತ್ತರಕ್ಕಿಂತ ದೊಡ್ಡ ಪ್ರಶ್ನೆ ನೀರು. ಜೂನ್‌ನಿಂದ ಬಚ್ಚಲಿನ ಗೋಡೆಯೇ ಒಣಗುವುದಿಲ್ಲ. ಅಗ್ಗದ ಮರ ಹಾಕಿದರೆ ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿದು ಲೋಳೆಯಾಗುತ್ತದೆ, ಅದರ ಮೇಲೆ ಕಾಲಿಟ್ಟರೆ ಜಾರಿದಂತೆಯೇ. ಸಾಗುವಾನಿ ಇದ್ದರೆ ಒಳ್ಳೆಯದು. ಮೇಲ್ಭಾಗಕ್ಕೆ ಒಂದೇ ಹಲಗೆ ಹಾಕಬೇಡಿ. ಪಟ್ಟಿಗಳ ನಡುವೆ ಬೆರಳು ತೂರದಷ್ಟು ಸಂದು ಬಿಟ್ಟು ಹೊಡೆಸಿ, ನೀರು ಇಳಿದು ಹೋಗುತ್ತದೆ. ಪಾಲಿಶ್ ಬೇಡ, ಗರಗಸದ ಒರಟು ಸ್ವಲ್ಪ ಉಳಿದಿರಲಿ. ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಸ್ಟೀಲ್ ಸ್ಕ್ರೂ ಹಾಕಿಸಿ.

ಅಗಲ 16 ಇಂಚಾದರೂ ಇರಲಿ, ಎರಡು ಪಾದ ಬಿಡಿಸಿ ಇಡಲು ಬೇಕು. ಕಾಲುಗಳು ಕೆಳಗೆ ಹೊರಚಾಚಿರಲಿ, ತುದಿಗೆ ರಬ್ಬರ್ ಬುಷ್ ಕಡ್ಡಾಯ. ನೆಲದಿಂದ ಎದ್ದು ನಿಲ್ಲುವ ಕಮೋಡ್ ಆದರೆ ಮುಂಭಾಗಕ್ಕೆ ಅರ್ಧಚಂದ್ರಾಕಾರದ ಕಚ್ಚು ಬೇಕು. ನಿಮ್ಮದು ಗೋಡೆಯದು, ಕೆಳಗೆ ಖಾಲಿ ಇದೆ. ಕಚ್ಚಿಲ್ಲದ ಮಣೆಯೇ ಒಳಗೆ ಸರಿಯುತ್ತದೆ, ರಾತ್ರಿ ಯಾರ ಕಾಲಿಗೂ ಎಡವುವುದಿಲ್ಲ.

ಜೋಗದ ದಾರಿ
ಪ್ಲಾಸ್ಟಿಕ್‌ನದು ತಂದರೆ ಈ ಬೂಸ್ಟಿನ ಗೋಳೇ ಇಲ್ಲವಲ್ಲ.

ಉಳಿ ಮತ್ತು ಕೊಡತಿ
ಇಲ್ಲ, ನಿಜ. ಆದರೆ ಹಗುರವಾದದ್ದು ಒದ್ದೆ ಟೈಲ್ಸ್ ಮೇಲೆ ಸರಿಯುತ್ತದೆ. ಆರು ಇಂಚಿನದು ಸುಲಭವಾಗಿ ಸಿಗುವುದೂ ಇಲ್ಲ.

ಸೊರಬದ ಅಮ್ಮ
ನನ್ನ ನಾಲ್ಕು ವರ್ಷದ ಮಗನಿಗೂ ಇದೇ ತೊಂದರೆ. ಕಮೋಡ್ ಮೇಲೆ ಕೂರಿಸಿದರೆ ಕೈ ಊರಿಕೊಂಡು, ಕಾಲು ಬಿಗಿ ಮಾಡಿಕೊಂಡು ಅಳುತ್ತಾನೆ. ಹಠ ಎಂದು ಮನೆಯಲ್ಲಿ ಎಲ್ಲರೂ ಗದರಿಸುತ್ತಾರೆ. ಈಗ ಓದಿದರೆ ಕಾಲು ತೇಲುವುದೇ ಕಾರಣವೇನೋ ಅನಿಸುತ್ತಿದೆ.

ಶಿವಮೊಗ್ಗ ಫಿಸಿಯೋ
ಇರಬಹುದು, ಗದರಿಸುವುದನ್ನು ಮೊದಲು ನಿಲ್ಲಿಸಿ. ಮಕ್ಕಳಿಗೆ ಎರಡು ಬೇಕು: ಒಳಗೆ ಬೀಳದಂತೆ ಸಣ್ಣ ರಂಧ್ರದ ಸೀಟು, ಪಾದ ಊರಲು ಮಣೆ. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದ ಮಗು ಮುಂದಿನ ಸಲ ತಡೆದುಕೊಳ್ಳುತ್ತದೆ, ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ಆ ಚಕ್ರ ಶುರುವಾಗಿದ್ದರೆ ಮಣೆ ಸಾಲದು, ಮಕ್ಕಳ ವೈದ್ಯರಿಗೆ ತೋರಿಸಿ.

ಸೊಸೆಯವರೇ, ನಿಮಗೆ ಒಂದು ಪ್ರಶ್ನೆ ಉಳಿದಿದೆ. ಅತ್ತೆ ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಾರೆ?

ಮೇಗರವಳ್ಳಿ ಸೊಸೆ
ಬಿ.ಪಿ. ಮಾತ್ರೆ ಹಳೆಯದು. ಮಂಡಿಗೆಂದು ಕ್ಯಾಲ್ಸಿಯಂ. ಶ್ರಾವಣದಲ್ಲಿ ಸುಸ್ತು ಎಂದು ತೋರಿಸಿದಾಗ ರಕ್ತ ಕಡಿಮೆ ಇದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಆದರೆ ತಿಣುಕುವುದು ಶುರುವಾದದ್ದು ಯುಗಾದಿಯ ಹೊತ್ತಿಗೆ, ಕಮೋಡ್ ಬಂದ ಕೂಡಲೇ. ಶ್ರಾವಣದ ಆಚೆಗೆ ಇನ್ನೂ ಹೆಚ್ಚಾಯಿತು, ಅದು ನಿಜ.

ತುಂಗಾ ತೀರ
ನೋಡಿದಿರಾ, ಕಮೋಡ್ ಬಂದ ಕೂಡಲೇ ಎಂದು ಅವರೇ ಹೇಳುತ್ತಿದ್ದಾರೆ.

ಭದ್ರಾವತಿ ನಿವೃತ್ತ
ಶ್ರಾವಣದ ಆಚೆಗೆ ಹೆಚ್ಚಾಯಿತು ಎಂದೂ ಅವರೇ ಹೇಳುತ್ತಿದ್ದಾರೆ. ಬೇಕಾದ ಸಾಲು ಮಾತ್ರ ಓದಬೇಡಿ.

ಶಿವಮೊಗ್ಗ ಫಿಸಿಯೋ
ಎರಡೂ ಸೇರಿರುವಂತಿದೆ. ಕಬ್ಬಿಣಾಂಶ, ಕ್ಯಾಲ್ಸಿಯಂ ಎರಡೂ ಹೊಟ್ಟೆ ಕಟ್ಟುತ್ತವೆ. ಗಟ್ಟಿಯಾದ ಮಲಕ್ಕೆ ದಾರಿ ನೇರ ಮಾಡಿಕೊಟ್ಟರೂ ನೋವು ತಪ್ಪುವುದಿಲ್ಲ. ಮಲ ಮೃದುವಾಗಿದ್ದೂ ಹೊರಬರಲು ಕಷ್ಟವಾದರೆ ಭಂಗಿಯ ಕಡೆ ನೋಡಬೇಕು, ಆಡಿನ ಹಿಕ್ಕೆಯಂತೆ ಉಂಡೆ ಉಂಡೆಯಾಗಿದ್ದರೆ ನೀರು, ನಾರು, ಮಾತ್ರೆಗಳ ಕಡೆ ನೋಡಬೇಕು. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬೇರೆ ಬಗೆಯ ಕಬ್ಬಿಣಾಂಶ ಕೊಡಬಹುದೇ ಎಂದು ಕೇಳಿ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ವಯಸ್ಸಿನಲ್ಲಿ ರಕ್ತ ಏಕೆ ಕಡಿಮೆಯಾಯಿತು ಎಂದು ಯಾರಾದರೂ ಹುಡುಕಿದ್ದಾರೆಯೇ? ಮಲದ ಅಭ್ಯಾಸವೂ ಬದಲಾಗಿ ರಕ್ತವೂ ಕಡಿಮೆಯಾದಾಗ ಕರುಳಿನಲ್ಲಿ ಸದ್ದಿಲ್ಲದೆ ರಕ್ತ ಹೋಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದರಿಂದ ಬಣ್ಣ ನೋಡಿ ತಿಳಿಯಲು ಆಗುವುದಿಲ್ಲ. ತೂಕ ಇಳಿದಿದೆಯೇ? ಹೆದರಿಸಲು ಹೇಳುತ್ತಿಲ್ಲ, ಕಮೋಡ್ ಎತ್ತರವೇ ಪೂರ್ತಿ ಕಾರಣ ಎಂದುಕೊಂಡು ಅದನ್ನು ಬಿಟ್ಟುಬಿಡಬಾರದು ಎಂದು ಹೇಳುತ್ತಿದ್ದೇನೆ.

ಮೇಗರವಳ್ಳಿ ಸೊಸೆ
ಸೀರೆ ಕುಪ್ಪಸ ಸಡಿಲವಾಗಿದೆ ಎಂದು ಗೌರಿಹಬ್ಬದಲ್ಲಿ ಅವರೇ ಹೇಳಿದ್ದರು. ವಯಸ್ಸು ಎಂದುಕೊಂಡಿದ್ದೆವು. ಈ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಬರುತ್ತೇವೆ.

ಶಿವಮೊಗ್ಗ ಫಿಸಿಯೋ
ಬನ್ನಿ, ತಡ ಮಾಡಬೇಡಿ. ಕಮೋಡ್ ಹಾಕಿದ್ದು ಯಾವಾಗ, ಮಾತ್ರೆ ಶುರುವಾದದ್ದು ಯಾವಾಗ, ಕುಪ್ಪಸ ಸಡಿಲವಾದದ್ದು ಎಲ್ಲವನ್ನೂ ವೈದ್ಯರಿಗೆ ಇದೇ ಕ್ರಮದಲ್ಲಿ ಹೇಳಿ.

ಉಳಿ ಮತ್ತು ಕೊಡತಿ
ಅಕ್ಕ, ಅಷ್ಟರೊಳಗೆ ಮಣೆ ಮಾಡಿಸಿಡಿ, ಅದರಿಂದ ನಷ್ಟವಿಲ್ಲ. ಹಲಗೆ ಪರೀಕ್ಷೆಯಲ್ಲಿ ಎಷ್ಟು ಹಿಡಿಸಿತು?

ಮೇಗರವಳ್ಳಿ ಸೊಸೆ
ನಿನ್ನೆ ಹಲಗೆ ಜೋಡಿಸಿ ಕೂರಿಸಿದೆವು. 5 ಇಂಚಿಗೆ ಪಾದ ಪೂರ್ತಿ ಊರಿತು, 6ಕ್ಕೆ ಇನ್ನೂ ಹಾಯಾಗಿದೆ ಎಂದರು. 7.5ಕ್ಕೆ ಎಡ ಮಂಡಿ ಹಿಡಿಯಿತು. ಒಂದು ತೊಡಕು ಕಂಡಿತು: ಕಾಲು ಮೇಲಿದ್ದಾಗ ತೊಳೆದುಕೊಳ್ಳಲು ಕೈ ಹೋಗುವುದಿಲ್ಲ, ನೀರಿನ ಪೈಪ್ ಕೂಡ ಹಿಂದೆ ಇದೆ.

ಶಿವಮೊಗ್ಗ ಫಿಸಿಯೋ
ಕೆಲಸ ಮುಗಿದ ಮೇಲೆ ಒಂದೊಂದೇ ಕಾಲನ್ನು ನೆಲಕ್ಕೆ ಇಳಿಸಿ, ಹಿಮ್ಮಡಿಯಿಂದ ಮಣೆಯನ್ನು ಹಿಂದಕ್ಕೆ ತಳ್ಳಿ, ಆಮೇಲೆ ತೊಳೆದುಕೊಳ್ಳಲಿ. ಮಣೆಯೂ ಒದ್ದೆಯಾಗುವುದಿಲ್ಲ. ಮಣೆಯ ಮೇಲೆ ಕಾಲಿಟ್ಟುಕೊಂಡೇ ಏಳುವುದು ಮಾತ್ರ ಎಂದಿಗೂ ಬೇಡ, ವಯಸ್ಸಾದವರು ಬೀಳುವುದು ಅಲ್ಲಿಯೇ. ನಲ್ಲಿಯ ಬದಲು ಗೋಡೆಗೆ ಒಂದು ಗಟ್ಟಿ ಹಿಡಿಕೆ ಹಾಕಿಸಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬರಲಿ, ಮತ್ತೆ ಒತ್ತಡ ಬಂದಾಗ ಹೋಗಲಿ.

ರಿಪ್ಪನ್‌ಪೇಟೆ ದೊಡ್ಡಮ್ಮ
ಕಾಫಿ ಕುಡಿದ ಕೂಡಲೇ ಹೋಗುವ ಅಭ್ಯಾಸವನ್ನು ಅವರು ಬಿಡಬಾರದು. ತೋಟದ ಕೆಲಸ, ಹಾಲು ಕರೆಯುವುದು ಎಂದು ಮುಂದೂಡಿದರೆ ಆ ಹೊತ್ತು ತಪ್ಪಿತು, ಆಮೇಲೆ ದಿನವಿಡೀ ಬರುವುದಿಲ್ಲ.

ತುಂಗಾ ತೀರ
ನಾನು ಈಗಲೂ ಕಂಬಿ ಹಾಕಿದ ನೆಲದ ಪಾಯಿಖಾನೆಯೇ ಮೇಲು ಎನ್ನುತ್ತೇನೆ. ಹೊಸ ಮನೆ ಕಟ್ಟುವವರು ಎರಡನ್ನೂ ಇಟ್ಟುಕೊಳ್ಳಿ.

ಶಿವಮೊಗ್ಗ ಫಿಸಿಯೋ
ಗಟ್ಟಿ ಮಂಡಿಯಿದ್ದವರಿಗೆ ಒಪ್ಪುತ್ತೇನೆ. ಈ ಅತ್ತೆಗೆ ಒಪ್ಪುವುದಿಲ್ಲ.

ಮೇಗರವಳ್ಳಿ ಸೊಸೆ
ಇದೇ ಮಣೆಯನ್ನು ನಮ್ಮ ಯಜಮಾನರೂ ಬಳಸಬಹುದೇ? ಅವರು ಎತ್ತರ, ಕಾಲು 17.5 ಇಂಚು ಬಂತು.

ಶಿವಮೊಗ್ಗ ಫಿಸಿಯೋ
ಬಳಸಬಹುದು. ಅವರ ಪಾದ ಈಗಾಗಲೇ ನೆಲಕ್ಕೆ ಊರುತ್ತದೆ, ಆದ್ದರಿಂದ ಆ 6 ಇಂಚೂ ಪೂರ್ತಿ ಮಂಡಿಯನ್ನು ಎತ್ತುತ್ತದೆ. ಅತ್ತೆಗೆ ಸಿಗುವುದರ ಎರಡರಷ್ಟು. ಮಂಡಿ ಚೆನ್ನಾಗಿದ್ದರೆ ಏನೂ ತೊಂದರೆಯಿಲ್ಲ. ತೊಡೆ ಜೋಮು ಹಿಡಿದರೆ ಮಣೆ ಬಿಟ್ಟು, ಬರೀ ಮುಂದಕ್ಕೆ ಬಾಗಿ ಕೂತು ನೋಡಲಿ.